ಹಳೆಯ ವಾಹನಗಳ ಮಾರಾಟ: ಮಾರ್ಜಿನ್ ಮೇಲಿನ ಜಿ.ಎಸ್.ಟಿ. ಲೆಕ್ಕ ಹಾಕುವ ವಿಧಾನ

ಹಳೆಯ ಕಾರುಗಳ ವ್ಯಾಪಾರದಲ್ಲಿ ತೊಡಗಿರುವ ಸದಸ್ಯರು ನಮ್ಮಲ್ಲಿ ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: "ತೆರಿಗೆ ಲಾಭದ ಮೇಲೆ ಮಾತ್ರ ಎನ್ನುತ್ತಾರೆ. ಹಾಗಾದರೆ ಟೈರು, ಪೇಂಟಿಂಗ್ ಖರ್ಚನ್ನು ಕಳೆದು ಉಳಿದದ್ದರ ಮೇಲೆ ಕಟ್ಟಿದರೆ ಸಾಲದೆ? ಒಂದು ಗಾಡಿಯಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಬಹುದೆ?" ಎರಡಕ್ಕೂ ಉತ್ತರ 'ಇಲ್ಲ' ಎಂಬುದೇ ಆಗಿದೆ. ಕಾರಣವನ್ನು ತಿಳಿಯಬೇಕಾದರೆ ಕಾನೂನು ಬಳಸಿರುವ ಪದಗಳನ್ನೇ ನೋಡಬೇಕು.

ಕಾನೂನಿನ ಆಧಾರ

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ 32ನೆಯ ನಿಯಮದ (5)ನೆಯ ಉಪನಿಯಮವು ಬಳಸಿದ ಸರಕುಗಳನ್ನು ಕೊಂಡು ಮಾರುವ ವರ್ತಕನಿಗೆ ಅನ್ವಯಿಸುತ್ತದೆ. ಸರಕನ್ನು ಇದ್ದಂತೆಯೇ, ಅಥವಾ ಅದರ ಸ್ವರೂಪ ಬದಲಾಗದಷ್ಟು ಅಲ್ಪ ಸಂಸ್ಕರಣೆ ಮಾಡಿ ಮಾರಿರಬೇಕು. ಅದರ ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆಯನ್ನು ಪಡೆದಿರಬಾರದು. ಈ ಷರತ್ತುಗಳು ಪೂರೈಸಿದಲ್ಲಿ ಮಾರಾಟ ಬೆಲೆ ಮತ್ತು ಖರೀದಿ ಬೆಲೆಗಳ ನಡುವಣ ವ್ಯತ್ಯಾಸವೇ ತೆರಿಗೆಗೆ ಒಳಪಡುವ ಮೌಲ್ಯ. ವ್ಯತ್ಯಾಸವು ಋಣಾತ್ಮಕವಾದರೆ ಅದನ್ನು ಗಣನೆಗೆ ತೆಗೆದುಕೊಳ್ಳುವಂತಿಲ್ಲ.

ವಾಹನಗಳಿಗೆ ತೆರಿಗೆಯ ದರವನ್ನು 2018ರ ಜನವರಿ 25ರ 8/2018 ಸಂಖ್ಯೆಯ ಕೇಂದ್ರ ತೆರಿಗೆ (ದರ) ಅಧಿಸೂಚನೆಯು ನಿಗದಿಪಡಿಸಿದೆ. ಮೊದಲು ದೊಡ್ಡ ಕಾರುಗಳಿಗೆ ಶೇ. 18, ಚಿಕ್ಕವುಗಳಿಗೆ ಶೇ. 12 ದರವಿತ್ತು. 2025ರ ಜನವರಿ 16ರ ತಿದ್ದುಪಡಿಯ ನಂತರ ವಿದ್ಯುತ್ ವಾಹನಗಳೂ ಸೇರಿದಂತೆ ಎಲ್ಲ ಹಳೆಯ ವಾಹನಗಳಿಗೂ ಮಾರ್ಜಿನ್ ಮೇಲೆ ಶೇ. 18 ದರ ಅನ್ವಯಿಸುತ್ತದೆ. ನೋಂದಣಿ ಇಲ್ಲದ ಖಾಸಗಿ ವ್ಯಕ್ತಿಯು ತನ್ನ ಸ್ವಂತ ಕಾರನ್ನು ಮಾರಿದರೆ ಅವನಿಗೆ ಈ ತೆರಿಗೆ ಇಲ್ಲ. ಅವನಿಂದ ಕೊಳ್ಳುವ ವರ್ತಕನೂ ಖರೀದಿಯ ಮೇಲೆ ತೆರಿಗೆ ಕಟ್ಟಬೇಕಾಗಿಲ್ಲ. ಹೊಣೆ ಹುಟ್ಟುವುದು ವರ್ತಕನು ಮಾರಿದಾಗ ಮಾತ್ರ.

ಒಂದು ಉದಾಹರಣೆ

ಹುಬ್ಬಳ್ಳಿಯ ವರ್ತಕರೊಬ್ಬರು ಖಾಸಗಿ ವ್ಯಕ್ತಿಯಿಂದ ರೂ. 4,20,000ಕ್ಕೆ ಕಾರೊಂದನ್ನು ಕೊಂಡರೆಂದು ಭಾವಿಸೋಣ. ಟೈರು ಬದಲಾವಣೆ ಮತ್ತು ಪೇಂಟಿಂಗಿಗೆ ರೂ. 18,000 ಖರ್ಚು ಮಾಡಿ, ತೆರಿಗೆಯೂ ಸೇರಿ ಒಟ್ಟು ರೂ. 4,79,000ಕ್ಕೆ ಅದನ್ನು ಮಾರಿದರು. ಲೆಕ್ಕ ಹೀಗಾಗುತ್ತದೆ:

ಮಾರಾಟ ಬೆಲೆ (ತೆರಿಗೆ ಸೇರಿ): ರೂ. 4,79,000
ಕಳೆ: ಖರೀದಿ ಬೆಲೆ: ರೂ. 4,20,000
ತೆರಿಗೆ ಸೇರಿದ ಮಾರ್ಜಿನ್: ರೂ. 59,000
ತೆರಿಗೆ (59,000 × 18 ÷ 118): ರೂ. 9,000
ತೆರಿಗೆಗೆ ಒಳಪಡುವ ಮೌಲ್ಯ: ರೂ. 50,000

ರಾಜ್ಯದೊಳಗಿನ ಮಾರಾಟವಾದ್ದರಿಂದ ಈ ರೂ. 9,000ವು ಕೇಂದ್ರ ಮತ್ತು ರಾಜ್ಯ ತೆರಿಗೆಗಳ ನಡುವೆ ತಲಾ ರೂ. 4,500ರಂತೆ ಹಂಚಿಹೋಗುತ್ತದೆ. 118ರಿಂದ ಭಾಗಿಸುವುದೇಕೆಂದರೆ, ಗ್ರಾಹಕನಿಂದ ಪಡೆದ ಮೊತ್ತದಲ್ಲಿ ತೆರಿಗೆಯೂ ಅಡಗಿದೆ. ಅಂತಹ ಸಂದರ್ಭದಲ್ಲಿ 35ನೆಯ ನಿಯಮವು ಈ ಸೂತ್ರವನ್ನೇ ವಿಧಿಸುತ್ತದೆ. ರೂ. 59,000ಕ್ಕೆ ನೇರವಾಗಿ ಶೇ. 18 ಹಾಕಿದರೆ ರೂ. 10,620 ಆಗಿ, ವರ್ತಕರು ತಮ್ಮ ಕೈಯಿಂದ ಹೆಚ್ಚುವರಿಯಾಗಿ ಕಟ್ಟಿದಂತಾಗುತ್ತದೆ.

ರಿಪೇರಿಯ ರೂ. 18,000 ಈ ಲೆಕ್ಕದಲ್ಲಿ ಎಲ್ಲಿಯೂ ಬಂದಿಲ್ಲವೆಂಬುದನ್ನು ಗಮನಿಸಿರಿ. ನಿಯಮವು ಕಳೆಯಲು ಹೇಳಿರುವುದು ಖರೀದಿ ಬೆಲೆಯನ್ನು ಮಾತ್ರ, ವೆಚ್ಚವನ್ನಲ್ಲ. ಆದುದರಿಂದ ನಮ್ಮ ವರ್ತಕರಿಗೆ ಕೊನೆಯಲ್ಲಿ ಉಳಿಯುವುದು 59,000ದಲ್ಲಿ 9,000 ಮತ್ತು 18,000 ಕಳೆದು ರೂ. 32,000. ಗಾಡಿಗೆ ಬೆಲೆ ಕಟ್ಟುವಾಗಲೇ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ನಷ್ಟದ ಗಾಡಿ

ಅದೇ ತಿಂಗಳಲ್ಲಿ ಅವರು ರೂ. 3,10,000ಕ್ಕೆ ಕೊಂಡ ಇನ್ನೊಂದು ಕಾರನ್ನು ರೂ. 2,95,000ಕ್ಕೆ ಮಾರಬೇಕಾಯಿತೆನ್ನೋಣ. ಈ ಮಾರಾಟದ ಮೇಲೆ ತೆರಿಗೆ ಇಲ್ಲ. ಆದರೆ ಇದರ ರೂ. 15,000 ನಷ್ಟವನ್ನು ಮೊದಲ ಕಾರಿನ ಮಾರ್ಜಿನ್‌ನಲ್ಲಿ ಕಳೆಯುವಂತಿಲ್ಲ. ತಿಂಗಳ ಒಟ್ಟು ಮಾರಾಟದಿಂದ ಒಟ್ಟು ಖರೀದಿಯನ್ನು ಕಳೆಯುವವರು ರೂ. 44,000ದ ಮೇಲೆ ಸುಮಾರು ರೂ. 6,712 ಮಾತ್ರ ಕಟ್ಟುತ್ತಾರೆ. ಕಟ್ಟಬೇಕಾದದ್ದು ರೂ. 9,000. ಉಳಿದ ರೂ. 2,288ಕ್ಕೆ ಮುಂದೆ ಬಡ್ಡಿಯೊಡನೆ ನೋಟೀಸು ಬರುವ ಸಂಭವವಿದೆ. ಮಾರ್ಜಿನ್ ಎಂಬುದು ಗಾಡಿಗೊಂದು ಲೆಕ್ಕ, ತಿಂಗಳಿಗೊಂದು ಲೆಕ್ಕವಲ್ಲ. ಖರೀದಿ ಯಾವ ತಿಂಗಳಲ್ಲಿ ನಡೆದಿದ್ದರೂ ಮಾರಾಟವಾದ ತಿಂಗಳಲ್ಲಿ ತೆರಿಗೆ ಸಲ್ಲುತ್ತದೆ.

ಅರಿಯದೆ ಪಡೆದ ಜಮೆ

ಎಲ್ಲಕ್ಕಿಂತ ದುಬಾರಿಯಾದ ತಪ್ಪು ಇಲ್ಲಿದೆ. ನೋಂದಾಯಿತ ಕಂಪನಿಯೊಂದು ತನ್ನ ಹಳೆಯ ಕಾರನ್ನು ನಮ್ಮ ವರ್ತಕರಿಗೆ ಮಾರಿ, ತನ್ನ ಮಾರ್ಜಿನ್ ಮೇಲೆ ರೂ. 3,600 ತೆರಿಗೆಯನ್ನು ಇನ್‌ವಾಯ್ಸಿನಲ್ಲಿ ತೋರಿಸುತ್ತದೆ. ಆ ಮೊತ್ತವು ವರ್ತಕರ GSTR-2Bಯಲ್ಲಿ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಲೆಕ್ಕ ಬರೆಯುವವನು ಉಳಿದ ಬಿಲ್ಲುಗಳ ಜೊತೆ ಅದನ್ನೂ ಜಮೆಯಾಗಿ ಪಡೆದುಬಿಡುತ್ತಾನೆ. ಆ ಕ್ಷಣಕ್ಕೆ ಷರತ್ತು ಮುರಿಯಿತು. ಆ ಕಾರಿಗೆ ಮಾರ್ಜಿನ್ ಪದ್ಧತಿಯ ಬಾಗಿಲು ಮುಚ್ಚಿತು. ಅದನ್ನು ರೂ. 5,50,000ಕ್ಕೆ ಮಾರಿದರೆ ಪೂರ್ತಿ ಬೆಲೆಯೇ ತೆರಿಗೆಗೆ ಒಳಪಡುತ್ತದೆ. ಶೇ. 18ರ ದರದ ಚಿಕ್ಕ ಕಾರಾದರೂ ಅದು ಸುಮಾರು ರೂ. 83,900. ಮೂರು ಸಾವಿರದ ಆಸೆಗೆ ಗಾಡಿಯ ಲಾಭವೆಲ್ಲ ಹೋಗಿ ಅಸಲಿಗೇ ಕೈ ಹಾಕಿದಂತಾಯಿತು. ಆದುದರಿಂದ ವಿವರಣಾ ಪತ್ರವನ್ನು ಸಲ್ಲಿಸುವ ಮೊದಲು GSTR-2Bಯಲ್ಲಿನ ವಾಹನ ಖರೀದಿಯ ಪ್ರತಿ ಸಾಲನ್ನೂ ಗುರುತಿಸಿ ಜಮೆಯಿಂದ ಹೊರಗಿಡಬೇಕು.

ಸಂಸ್ಕರಣೆಯ ಮಿತಿ

ತೊಳೆಯುವುದು, ಮೆರುಗು ಕೊಡುವುದು, ಸಣ್ಣಪುಟ್ಟ ರಿಪೇರಿ ಮಾಡುವುದು ಅಲ್ಪ ಸಂಸ್ಕರಣೆಯೆನಿಸುತ್ತವೆ. ಕಾರನ್ನು ಬಿಚ್ಚಿ ಬಿಡಿಭಾಗಗಳಾಗಿ ಮಾರಿದರೆ ಕೊಂಡ ಸರಕೇ ಬೇರೆ, ಮಾರಿದ ಸರಕೇ ಬೇರೆಯಾಗುತ್ತದೆ. ಇದೇ ತತ್ವ ಆಭರಣಗಳಲ್ಲಿ ಇನ್ನೂ ಸ್ಪಷ್ಟವಾಗಿ ತೋರುತ್ತದೆ. 2021ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು, ನೋಂದಣಿ ಇಲ್ಲದ ವ್ಯಕ್ತಿಗಳಿಂದ ಹಳೆಯ ಆಭರಣ ಕೊಂಡು ಸ್ವರೂಪ ಬದಲಿಸದೆ ಮಾರುವವರು ಮಾರ್ಜಿನ್ ಮೇಲೆ ತೆರಿಗೆ ಕಟ್ಟಬಹುದೆಂದು ಹೇಳಿತು. ಕರಗಿಸಿ ಗಟ್ಟಿ ಮಾಡಿದವರಿಗೆ ಆ ಅನುಕೂಲ ದೊರೆಯದು. ಅಂತಹ ತೀರ್ಪು ಕಾನೂನಿನಂತೆ ಅದನ್ನು ಕೋರಿದವರಿಗೆ ಮತ್ತು ಅವರ ಮೇಲಿನ ಅಧಿಕಾರಿಗಳಿಗೆ ಮಾತ್ರ ಬಂಧಕ. ಇತರರಿಗೆ ಅದು ಮಾರ್ಗದರ್ಶಿ ಅಷ್ಟೆ.

ಗಾಡಿಯನ್ನು ತಾನು ಕೊಳ್ಳದೆ, ಮಾಲೀಕನ ಪರವಾಗಿ ಮಾರಿಸಿಕೊಟ್ಟು ಕಮಿಷನ್ ಪಡೆಯುವವನು ಈ ಪದ್ಧತಿಗೆ ಸೇರಿದವನಲ್ಲ. ಅವನು ಸೇವೆ ನೀಡುವವನು. ಅವನ ಪೂರ್ತಿ ಕಮಿಷನ್ ಮೇಲೆ ತೆರಿಗೆ ಬೀಳುತ್ತದೆ.

ಇಡಬೇಕಾದ ದಾಖಲೆಗಳು

ಪರಿಶೀಲನೆಯ ಕಾಲದಲ್ಲಿ ಅಧಿಕಾರಿಗಳು ಮೊದಲು ಕೇಳುವುದು ಖರೀದಿ ಬೆಲೆಯ ಪುರಾವೆಯನ್ನು. ಅದನ್ನು ತೋರಿಸಲಾಗದಿದ್ದರೆ ಮಾರ್ಜಿನ್ ಎಂಬ ಮಾತೇ ನಿಲ್ಲುವುದಿಲ್ಲ. ಆದುದರಿಂದ ಪ್ರತಿ ವಾಹನಕ್ಕೂ ಒಂದು ಪ್ರತ್ಯೇಕ ಕಡತವಿರಲಿ. ಅದರಲ್ಲಿ ಮಾರಿದವನ ಸಹಿಯುಳ್ಳ ಖರೀದಿ ವೋಚರ್, ಅವನ ಗುರುತಿನ ಪತ್ರ, ಬ್ಯಾಂಕ್ ಮೂಲಕ ಹಣ ಸಂದಾಯವಾದ ವಿವರ ಮತ್ತು ಆರ್.ಸಿ. ಪ್ರತಿ ಇರಬೇಕು. ದಾಸ್ತಾನು ಪುಸ್ತಕದಲ್ಲಿ ಒಂದು ಗಾಡಿಗೆ ಒಂದೇ ಸಾಲು ಇಟ್ಟು, ನೋಂದಣಿ ಸಂಖ್ಯೆ, ಖರೀದಿ ಬೆಲೆ, ಮಾರಾಟ ಬೆಲೆ, ಮಾರ್ಜಿನ್ ಮತ್ತು ತೆರಿಗೆಯನ್ನು ಬರೆಯಿರಿ. ರಿಪೇರಿ ಖರ್ಚಿಗೆ ಬೇರೆಯೇ ಕಲಮು ಇರಲಿ. ಈ ಒಂದು ಪುಸ್ತಕ ಸರಿಯಾಗಿದ್ದರೆ ಮೇಲೆ ಹೇಳಿದ ಮೂರು ತಪ್ಪುಗಳೂ ತಿಂಗಳ ಕೊನೆಯಲ್ಲಿ, ವಿವರಣಾ ಪತ್ರ ಸಲ್ಲಿಸುವ ಮುನ್ನವೇ ನಿಮ್ಮ ಕಣ್ಣಿಗೆ ಬೀಳುತ್ತವೆ.