ಶೇಕಡಾವಾರು ಅಂಕಿ ತೀರ್ಪಲ್ಲ: ಕೃತಿಚೌರ್ಯದ ವಿಚಾರಣೆ ನಡೆಸಿ ಕಲಿತದ್ದು

ಯುಜಿಸಿ 2018ರ ಜುಲೈನಲ್ಲಿ ಕೃತಿಚೌರ್ಯ ತಡೆ ನಿಯಮಗಳನ್ನು ಹೊರಡಿಸಿತು. ಆರೋಪ ಬಂದರೆ ಮೊದಲು ವಿಭಾಗದ ಸಮಿತಿ ನೋಡಬೇಕು, ಆಮೇಲೆ ಸಂಸ್ಥೆಯ ಸಮಿತಿ. ಚೌಕಟ್ಟು ಇಷ್ಟು. ನೋಟಿಸ್ ಹೇಗಿರಬೇಕು, ವಿದ್ಯಾರ್ಥಿಗೆ ಎಷ್ಟು ದಿನ ಕೊಡಬೇಕು, ಮೇಲ್ಮನವಿ ಯಾರ ಹತ್ತಿರ ಎಂಬುದನ್ನೆಲ್ಲ ಕಾಲೇಜೇ ಬರೆದುಕೊಳ್ಳಬೇಕು. ನಮ್ಮಲ್ಲಿ ಅದನ್ನು ಬರೆದು, ಪ್ರಕರಣಗಳನ್ನು ಕೇಳಿದ ಮೇಲೆ ನನಗೆ ಮುಖ್ಯವೆನಿಸಿದ ಸಂಗತಿಗಳಿವು.

1. ಹೋಲಿಕೆ ವರದಿಯನ್ನು ಮೊದಲು ಕೈಯಾರೆ ಓದಿ. ಸಹಕಾರ ಸಂಘಗಳ ಬಗ್ಗೆ ಬರೆದ ಎಂ.ಕಾಂ. ಕಿರುಪ್ರಬಂಧವೊಂದಕ್ಕೆ ಸಾಫ್ಟ್‌ವೇರ್ ಶೇ. 43 ಹೋಲಿಕೆ ತೋರಿಸಿತ್ತು. ಶೇ. 40 ದಾಟಿದರೆ ಒಂದು ವರ್ಷ ತಿದ್ದಿದ ಪ್ರತಿ ಸಲ್ಲಿಸುವಂತಿಲ್ಲ. ಆದರೆ ಉಲ್ಲೇಖಪಟ್ಟಿ, ಪರಿವಿಡಿ, ಮೂಲ ಹೇಳಿ ಉದ್ಧರಿಸಿದ ಭಾಗ, ಕಾಯ್ದೆಯ ಪಾಠ, ಹದಿನಾಲ್ಕು ಪದಗಳವರೆಗಿನ ಆಕಸ್ಮಿಕ ಹೋಲಿಕೆ ಇವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅದೇ ನಿಯಮಗಳು ಹೇಳುತ್ತವೆ. ಆ ಹುಡುಗಿ ಸಹಕಾರ ಸಂಘಗಳ ಕಾಯ್ದೆಯ ಕಲಂಗಳನ್ನು ಪುಟಗಟ್ಟಲೆ ಕೊಟ್ಟಿದ್ದಳು. ಅವನ್ನೂ ಉಳಿದವನ್ನೂ ಕಳೆದಾಗ ಶೇ. 17 ಉಳಿಯಿತು. ಅದಷ್ಟೂ ಒಂದೇ ಅಧ್ಯಾಯದಲ್ಲಿತ್ತು, ಮತ್ತೊಬ್ಬರ ಪ್ರಬಂಧದಿಂದ ವಾಕ್ಯಕ್ಕೆ ವಾಕ್ಯ ಎತ್ತಿಕೊಂಡದ್ದು. ತಪ್ಪು ನಡೆದಿತ್ತು, ಆದರೆ ಅದು ಶೇ. 10ರಿಂದ 40ರ ಮಟ್ಟದ ತಪ್ಪು: ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಸಲ್ಲಿಸುವುದು. ಮೊದಲ ಪುಟದ ಅಂಕಿಯನ್ನೇ ನಂಬಿದ್ದರೆ ಅವಳ ಒಂದು ವರ್ಷ ಹೋಗುತ್ತಿತ್ತು.

2. ನೋಟಿಸಿನಲ್ಲಿ ಪುಟ, ಸಾಲು, ಮೂಲ ಮೂರೂ ಇರಲಿ. "ನಿಮ್ಮ ಪ್ರಬಂಧದಲ್ಲಿ ಕೃತಿಚೌರ್ಯ ಕಂಡುಬಂದಿದೆ, ಸಮಜಾಯಿಷಿ ನೀಡಿ" ಎಂಬ ಒಂದು ಸಾಲಿನ ನೋಟಿಸಿಗೆ ಯಾರೂ ಉತ್ತರ ಕೊಡಲಾರರು. "ಕಂಡುಬಂದಿದೆ" ಎಂದ ಕೂಡಲೇ ತೀರ್ಪು ಹೇಳಿದಂತಾಯಿತು, "ಅನುಮಾನವಿದೆ" ಎಂದು ಬರೆಯಬೇಕು. ಪ್ರಬಂಧದ ಪುಟವನ್ನೂ ಮೂಲದ ಪುಟವನ್ನೂ ಅಕ್ಕಪಕ್ಕ ಜೋಡಿಸಿ, ಪೂರ್ತಿ ಹೋಲಿಕೆ ವರದಿಯ ಜೊತೆ ಲಗತ್ತಿಸಿ, ಸಹಿ ಪಡೆದು ಕೊಡಿ. ಹಾಗೆ ಕೊಟ್ಟಾಗ ಆ ಹುಡುಗಿ ತನ್ನ ಕರಡು ಪ್ರತಿಗಳನ್ನು ತಂದಳು. ಮೂಲ ಪ್ರಬಂಧದ ಹೆಸರು ಉಲ್ಲೇಖಪಟ್ಟಿಯಲ್ಲಿತ್ತು, ಅಧ್ಯಾಯದೊಳಗೆ ಉದ್ಧರಣ ಚಿಹ್ನೆ ಮಾತ್ರ ಇರಲಿಲ್ಲ. ಬಚ್ಚಿಡುವ ಉದ್ದೇಶವಿತ್ತೇ ಎಂಬ ಪ್ರಶ್ನೆಗೆ ಅಲ್ಲಿಂದಲೇ ಉತ್ತರ ಸಿಕ್ಕಿತು.

3. ಗೈಡ್ ತೀರ್ಪಿನ ಕುರ್ಚಿಯಲ್ಲಿ ಕೂರಬಾರದು. ವಿಭಾಗದ ಸಮಿತಿಗೆ ವಿಭಾಗದ ಮುಖ್ಯಸ್ಥರೇ ಅಧ್ಯಕ್ಷರು. ಚಿಕ್ಕ ಕಾಲೇಜಿನಲ್ಲಿ ಬಹಳ ಸಲ ಅವರೇ ಗೈಡ್ ಕೂಡ. ಅವರು ಸುಮ್ಮನೆ ಗೈರಾದರೆ ಕೋರಂ ಆಗುವುದಿಲ್ಲ, ಏಕೆಂದರೆ ಮೂವರಲ್ಲಿ ಇಬ್ಬರು ಬೇಕು, ಅವರಲ್ಲಿ ಅಧ್ಯಕ್ಷರೂ ಒಬ್ಬರಿರಬೇಕು. ಹಾಗಾಗಿ ಬದಲಿ ಅಧ್ಯಕ್ಷರನ್ನು ಪ್ರಾಂಶುಪಾಲರು ನೇಮಿಸುವ ಕ್ರಮವನ್ನು ಮೊದಲೇ ಬರೆದಿಡಿ. ಗೈಡನ್ನು ಸಾಕ್ಷಿಯಾಗಿ ಕರೆಯಿರಿ, ಹೇಳಿಕೆ ಕೊಟ್ಟು ಹೊರಗೆ ಹೋಗಲಿ. 1969ರ ಕ್ರೈಪಾಕ್ ಪ್ರಕರಣದಲ್ಲಿ ಆಯ್ಕೆ ಮಂಡಳಿಯ ಸದಸ್ಯರೊಬ್ಬರು ತಾವೇ ಅಭ್ಯರ್ಥಿಯೂ ಆಗಿದ್ದರು. ತಮ್ಮ ಹೆಸರು ಬಂದಾಗ ಎದ್ದು ಹೋಗಿದ್ದರೂ ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನು ಎತ್ತಿಹಿಡಿಯಲಿಲ್ಲ.

4. ನಲವತ್ತೈದು ದಿನವನ್ನು ಹಿಂದಿನಿಂದ ಎಣಿಸಿ. ವಿಭಾಗದ ಸಮಿತಿಗೆ ನಿಯಮ ಕೊಡುವುದು 45 ದಿನ, ಸಂಸ್ಥೆಯ ಸಮಿತಿಗೆ ಇನ್ನು 45. ನಾವು ಮೊದಲ ಭಾಗವನ್ನು ಹೀಗೆ ಹಂಚಿದೆವು: 7ನೇ ದಿನದೊಳಗೆ ವರದಿ ಓದಿ ನೋಟಿಸ್, ಉತ್ತರಕ್ಕೆ 10 ದಿನ, 25ನೇ ದಿನದೊಳಗೆ ವಿಚಾರಣೆ, 40ರೊಳಗೆ ಕಾರಣ ಸಹಿತ ಶಿಫಾರಸು. ಉಳಿದ ಐದು ದಿನ ಪರೀಕ್ಷೆ, ಕಾಯಿಲೆಯಂಥ ಅಡಚಣೆಗೆ. ವಿಚಾರಣೆಯ ನಡಾವಳಿಯನ್ನು ಅಂದೇ ಓದಿ ಹೇಳಿ ವಿದ್ಯಾರ್ಥಿಯ ಸಹಿ ಪಡೆಯಿರಿ. ವಾರ ಕಳೆದು ಬರೆದ ನಡಾವಳಿಯ ಮೇಲೆ ಜಗಳ ತಪ್ಪುವುದಿಲ್ಲ.

5. ಪದವಿ ವಿದ್ಯಾರ್ಥಿಗಳಿಗೆ ಬೇರೆ ನಿಯಮ ಬೇಕು. ಯುಜಿಸಿ ದಂಡನೆ ಸ್ನಾತಕೋತ್ತರ ಮತ್ತು ಸಂಶೋಧನಾ ಹಂತಕ್ಕೆ. ಬಿ.ಎ. ಅಸೈನ್‌ಮೆಂಟಿಗೆ ಅದನ್ನು ಹೇರಬೇಡಿ.

6. ಸಂಸ್ಥೆಯ ಸಮಿತಿಯನ್ನೇ ಮೇಲ್ಮನವಿ ಎಂದು ಕರೆಯಬೇಡಿ. ಅದು ಅದೇ ವಿಚಾರಣೆಯ ಎರಡನೇ ಮೆಟ್ಟಿಲು. ಮೇಲ್ಮನವಿಯ ದಾರಿಗಳೆಲ್ಲ ಮುಗಿದ ಮೇಲಷ್ಟೇ ಶಿಕ್ಷೆ ಎಂದು ನಿಯಮ ಹೇಳುತ್ತದೆ. ಆದ್ದರಿಂದ ಪ್ರಾಂಶುಪಾಲರ ಆದೇಶದ ಮೇಲೆ, ಎರಡೂ ಸಮಿತಿಗಳಲ್ಲಿ ಇರದವರ ಮುಂದೆ ಮನವಿ ಹೋಗಬೇಕು. ನಮ್ಮಲ್ಲಿ ಅದು ಆಡಳಿತ ಮಂಡಳಿ ನೇಮಿಸುವ ಮೂವರು, ಅವರಲ್ಲಿ ಒಬ್ಬರು ಹೊರಗಿನವರು. ಆದೇಶ ಮತ್ತು ವರದಿಯ ಪ್ರತಿ ಕೈಸೇರಿದ ದಿನದಿಂದ 15 ದಿನದಲ್ಲಿ ಮನವಿ, 30 ದಿನದಲ್ಲಿ ಇತ್ಯರ್ಥ. ಇಡೀ ವಿಚಾರಣೆಯನ್ನು ಮತ್ತೆ ನಡೆಸುವ ಅಗತ್ಯವಿಲ್ಲ. ಕ್ರಮ ತಪ್ಪಿತೇ, ಹೊಸ ಪುರಾವೆ ಇದೆಯೇ, ಶಿಕ್ಷೆ ತಪ್ಪಿಗೆ ಮೀರಿತೇ ಎಂಬ ಮೂರನ್ನು ನೋಡಿದರೆ ಸಾಕು. ಅಲ್ಲಿಯವರೆಗೆ ಕಿರುಪ್ರಬಂಧದ ಅಂಕ ಮಾತ್ರ ತಡೆಯಲ್ಲಿರುತ್ತದೆ. ಉಳಿದ ಪತ್ರಿಕೆಗಳಿಗೆ ಹಾಲ್ ಟಿಕೆಟ್ ಕೊಡಲೇಬೇಕು, ನೋಟಿಸ್ ಬೋರ್ಡಿನಲ್ಲಿ ಹೆಸರು ಹಾಕಬಾರದು.