ಸೋಪಿನ ಕಥೆಗೆ ಇಪ್ಪತ್ನಾಲ್ಕು ಸಾವಿರ

ತಿಪಟೂರಿನಲ್ಲಿರುವ ನನ್ನ ತಂಗಿ ಮನೆಯಲ್ಲೇ ಕೊಬ್ಬರಿ ಎಣ್ಣೆಯ ಸೋಪು ಮಾಡಿ ಮಾರುತ್ತಾಳೆ. ಲೈಸೆನ್ಸಿನಿಂದ ಹಿಡಿದು ರಟ್ಟಿನ ಡಬ್ಬಿಯವರೆಗೆ ಅವಳ ಲೆಕ್ಕವೆಲ್ಲ ನನ್ನ ಕೈಯಲ್ಲಿ. ಕಳೆದ ವರ್ಷ ಇಬ್ಬರೂ ಕೂತು ಮಾತಾಡಿ, ‘ಬ್ರ್ಯಾಂಡ್ ಕಥೆ’ ಬರೆದುಕೊಡುವ ಒಂದು ಸಂಸ್ಥೆಗೆ 24,000 ರೂಪಾಯಿ ಕೊಟ್ಟೆವು. ಬಂದದ್ದು ಒಂದು ಪುಟ. ಅಜ್ಜಿಯ ಗುಟ್ಟಿನ ಪಾಕ, ಪ್ರಕೃತಿಯ ಮಡಿಲು, ಪ್ರೀತಿಯಿಂದ ಕೈಯಾರೆ, ಶೇಕಡಾ ನೂರು ರಾಸಾಯನಿಕಮುಕ್ತ.

ನಮ್ಮಜ್ಜಿ ಸೋಪು ಮಾಡಿದವರಲ್ಲ. ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಅದೇ ಪುಟದ ಅರ್ಧ ಸಾಲುಗಳು ಬೇರೊಬ್ಬರ ಸೋಪಿನ ಹೊದಿಕೆಯ ಮೇಲೂ ಇದ್ದವು. ಸಂತೆಯಲ್ಲಿ ಒಬ್ಬ ಹೆಂಗಸು ಲೇಬಲ್ ಓದಿ, “ಅಕ್ಕಾ, ಕಾಸ್ಟಿಕ್ ಸೋಡಾ ಹಾಕಲ್ವಾ ಇದಕ್ಕೆ?” ಎಂದು ಕೇಳಿದರು. “ಹಾಕ್ದೆ ಸೋಪೇ ಆಗಲ್ವಲ್ಲಮ್ಮ” ಎಂದಳು ತಂಗಿ. ಆಕೆ ಸೋಪನ್ನು ಸುಮ್ಮನೆ ಕೆಳಗಿಟ್ಟು ಹೋದರು. ನನ್ನ ತಂಗಿ ನಿಜ ಹೇಳಿದ್ದಳು, ಸುಳ್ಳು ಹೇಳಿದ್ದು ಲೇಬಲ್.

ಈಗ ಲೆಕ್ಕ ನೋಡಿ. ಒಂದು ಸೋಪು 150 ರೂಪಾಯಿ. ಎಣ್ಣೆ, ಸೋಡಾ, ಸುವಾಸನೆ, ಹೊದಿಕೆ ಸೇರಿ 50. ಅವಳ ಕೂಲಿ ಎಂದು 20 ಹಿಡಿಯುತ್ತೇನೆ, ಅದನ್ನು ಬಿಡಲು ನಾನು ಒಪ್ಪುವುದಿಲ್ಲ. ಮಳಿಗೆ ಬಾಡಿಗೆ, ಓಡಾಟ, ಮುರಿದು ಹೋದದ್ದು ಇನ್ನೊಂದು 20. ಉಳಿಯುವುದು 60. ಇಪ್ಪತ್ನಾಲ್ಕು ಸಾವಿರವನ್ನು ಅರವತ್ತರಿಂದ ಭಾಗಿಸಿದರೆ 400 ಸೋಪು. ಹೇಗೂ ಮಾರಾಟವಾಗುತ್ತಿದ್ದ ಸೋಪುಗಳನ್ನು ಇದರಲ್ಲಿ ಸೇರಿಸುವಂತಿಲ್ಲ, ಆ ಕಥೆ ಓದಿಯೇ ಕೊಂಡ ಹೆಚ್ಚುವರಿ 400 ಆಗಬೇಕು. ತಿಂಗಳಿಗೆ 20 ಹೆಚ್ಚು ಹೋದರೂ ಅಸಲು ಹುಟ್ಟಲು 20 ತಿಂಗಳು. ಯಾರ ಸೋಪಿಗೆ ಬೇಕಾದರೂ ಅಂಟಿಸಬಹುದಾದ ಕಥೆ ನಮ್ಮ ಸೋಪನ್ನೇ ಯಾಕೆ ಮಾರಿಸಬೇಕು? ಇಂಥ ಪ್ಯಾಕೇಜುಗಳ ಬಗ್ಗೆ ನನಗೆ ಎಳ್ಳಷ್ಟೂ ಗೌರವ ಉಳಿದಿಲ್ಲ.

ಅಪಾಯವೂ ಇತ್ತು. ಆ ಪುಟದಲ್ಲಿ ‘ಇಸುಬು, ಗಜಕರ್ಣ ಗುಣವಾಗುತ್ತದೆ’ ಎಂಬ ಸಾಲಿತ್ತು. ರೋಗ ವಾಸಿ ಮಾಡುತ್ತದೆ ಎಂದ ಕೂಡಲೇ ಆ ವಸ್ತು ಕಾನೂನಿನ ಕಣ್ಣಿಗೆ ಔಷಧ, ಸೌಂದರ್ಯವರ್ಧಕದ ಲೈಸೆನ್ಸಿನಲ್ಲಿ ಅದನ್ನು ಮಾರುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡವಿದೆ. ದಂಡ ಕಟ್ಟಬೇಕಾದವರು ನಾವು, ಬರೆದುಕೊಟ್ಟು ಹೋದವರು ಕಟ್ಟಿಕೊಡುತ್ತಾರೆಂದು ನಂಬಿ ಕೂರಲಾಗುವುದಿಲ್ಲ.

ನಿಜವಾದ ಕಥೆ ಅವಳ ಬ್ಯಾಚ್ ಪುಸ್ತಕದಲ್ಲಿತ್ತು. ಒಂದು ಪುಟ ಹೀಗಿದೆ: ಎಣ್ಣೆ ಒಂದು ಕಿಲೋ, ಸೋಡಾ 146 ಗ್ರಾಂ, ಮಳೆ ಹಿಡಿದಿದೆ, ಒಣಗಲು ಇನ್ನೆರಡು ವಾರ ಬೇಕು. ಆ 146ರಲ್ಲೇ ಎಲ್ಲವೂ ಇದೆ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅಷ್ಟೂ ಹಾಕಿದರೆ ಬರೀ ಕೊಬ್ಬರಿ ಎಣ್ಣೆಯ ಸೋಪು ಮೈಯನ್ನು ಬಿರುಸಾಗಿ ಒಣಗಿಸುತ್ತದೆ. ಅದಕ್ಕೇ ಅವಳು ಐದನೇ ಒಂದು ಪಾಲು ಸೋಡಾ ಕಡಿಮೆ ಮಾಡುತ್ತಾಳೆ, ಅಷ್ಟು ಎಣ್ಣೆ ಸೋಪಾಗದೆ ಉಳಿದು ಚರ್ಮಕ್ಕೆ ಸಿಗುತ್ತದೆ. ಹಾಗಾದರೆ ಕೊಬ್ಬರಿ ಎಣ್ಣೆಯೇ ಯಾಕೆ? ಅವಳ ಬೀದಿಯ ಬೋರ್‌ವೆಲ್ ನೀರು ಗಡಸು. ಬೇರೆ ಸೋಪುಗಳು ಅದರಲ್ಲಿ ನೊರೆ ಬಿಡದೆ ಬಕೆಟ್ಟಿನ ಅಂಚಿಗೆ ಬಿಳಿ ಪೊರೆಯಾಗಿ ಕೂರುತ್ತವೆ. ಕೊಬ್ಬರಿ ಎಣ್ಣೆಯದು ಅಲ್ಲೂ ನೊರೆ ಬಿಡುತ್ತದೆ.

ಈಗಿನ ಲೇಬಲ್ಲಿನಲ್ಲಿ ಇರುವುದು ಇಷ್ಟೇ: “ನಮ್ಮ ಬೀದಿಯ ಗಡಸು ನೀರಿನಲ್ಲಿ ನೊರೆ ಬರಲೆಂದು ಬರೀ ಕೊಬ್ಬರಿ ಎಣ್ಣೆಯಲ್ಲಿ ಮಾಡಿದ್ದು. ಕಾಸ್ಟಿಕ್ ಸೋಡಾ ಇಲ್ಲದೆ ಸೋಪಾಗದು, ಮೈ ಒಣಗಿಸದಿರಲೆಂದು ಲೆಕ್ಕಕ್ಕಿಂತ ಕಡಿಮೆ ಹಾಕಿದ್ದೇವೆ. ಅಚ್ಚಿಗೆ ಸುರಿದ ತಾರೀಖು ಹಿಂದೆ ಇದೆ, ಆರು ವಾರ ಒಣಗಿಸಿಯೇ ಮಾರುತ್ತೇವೆ. ತುಂಬಾ ಒಣ ಚರ್ಮದವರಿಗೆ ಇದು ಹಿಡಿಸದೇ ಇರಬಹುದು.” ಕೊನೆಯ ಸಾಲನ್ನು ತೆಗೆಯೋಣವೇ ಎಂದು ತಂಗಿ ಕೇಳಿದಳು. ಬೇಡವೆಂದೆ. ಹಿಡಿಸದವರು ಕೊಂಡು, ಬೈದು, ವಾಪಸ್ ತಂದರೆ ಅದೂ ನಷ್ಟದ ಖಾತೆಗೇ ಬೀಳುತ್ತದೆ.

ಇದಕ್ಕೆ ಬೇಕಾದದ್ದು ಪ್ರತಿ ಬ್ಯಾಚ್ ಮುಗಿದ ಕೂಡಲೇ ನಾಲ್ಕು ಸಾಲು ಬರೆದಿಡುವ ಅಭ್ಯಾಸ. ಎಷ್ಟು ಹಾಕಿದಿರಿ, ಏನು ಬದಲಿಸಿದಿರಿ, ಯಾಕೆ, ಏನು ಕೆಟ್ಟಿತು. ನಾಳೆ ಬರೆಯೋಣ ಎಂದರೆ ತೂಕ ಮರೆತುಹೋಗುತ್ತದೆ, ಕಾರಣವಂತೂ ಮೊದಲೇ ಮರೆಯುತ್ತದೆ. ನೀವೂ ಸೋಪು ಮಾರುವವರಾದರೆ, ಯಾರಿಗೂ ಮುಂಗಡ ಕೊಡುವ ಮೊದಲು ಆ ಪುಸ್ತಕದ ಒಂದು ಪುಟವನ್ನು ಪಕ್ಕದ ಮನೆಯವರಿಗೆ ಓದಿ ಹೇಳಿ. ಅವರು ನಿಲ್ಲಿಸಿ ಏನು ಕೇಳುತ್ತಾರೋ ಅದಕ್ಕೆ ನೀವು ಕೊಟ್ಟ ಉತ್ತರವನ್ನೇ ಲೇಬಲ್ಲಿನಲ್ಲಿ ಹಾಕಿ.