ಗುಡ್ಡದ ಫೋಟೊ ಕೆಳಗೆ ಏನು ಬರೆಯಲಿ?

ಪ್ರಶ್ನೆ: ನಾನು ಲಕ್ಷ್ಮೇಶ್ವರದವಳು, ಡಿಗ್ರಿ ಓದುತ್ತಿದ್ದೇನೆ. ಈಚೆಗೆ ಗೆಳತಿಯರ ಜೊತೆ ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತಿದೆ. ನಾನು ಗುಡ್ಡ ಹತ್ತಿದ್ದು ಇದೇ ಮೊದಲು. ದಾರಿಯಲ್ಲಿ ಮೂರು ಸಲ ಕುಳಿತೆ, ಮೂರನೇ ಸಲ ಏಳಲು ಮನಸ್ಸಾಗದೆ ವಾಪಸ್ ಹೋಗೋಣ ಅನಿಸಿತ್ತು. ಮೇಲೆ ತೆಗೆಸಿದ ಫೋಟೊಗೆ ಹೀಗೆ ಬರೆದಿಟ್ಟೆ: ‘ಕಪ್ಪತಗುಡ್ಡ ಗೆದ್ದೆ! 3,000 ಅಡಿ! ಸತ್ತೇ ಹೋಗಿದ್ದೆ, ಆದರೂ ಬಿಡಲಿಲ್ಲ!’ ಅಣ್ಣ ಓದಿ, ‘ಅಲ್ಲಿಗೆ ಬೈಕೂ ಹೋಗ್ತಾವ’ ಎಂದು ನಕ್ಕ. ಈಗ ಹಾಕಲು ನಾಚಿಕೆ, ಹಾಕದಿರಲು ಮನಸ್ಸಿಲ್ಲ. ಏನು ಬರೆಯಲಿ?

ಉತ್ತರ: ತಂಗಿ, ನಿನ್ನ ದಣಿವು ನಿಜ, ಹೆಮ್ಮೆಯೂ ನಿಜ. ಅಣ್ಣ ನಕ್ಕಿದ್ದು ನೀನು ಹತ್ತಿದ್ದಕ್ಕಲ್ಲ, ಬರೆದ ಮಾತಿಗೆ. ಆ ಸಾಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲು ‘3,000 ಅಡಿ’. ಇದು ನಿನಗೆ ಗೊತ್ತಿಲ್ಲದೆಯೇ ಆದ ಉತ್ಪ್ರೇಕ್ಷೆ. ಫೋನಾಗಲಿ ನಕ್ಷೆಯಾಗಲಿ ತೋರಿಸುವುದು ಸಮುದ್ರಮಟ್ಟದಿಂದ ಇರುವ ಎತ್ತರ. ಗದಗ ಊರೇ ಸಮುದ್ರಮಟ್ಟದಿಂದ ಸುಮಾರು 650 ಮೀಟರ್, ಅಂದರೆ 2,100 ಅಡಿಗೂ ಮೇಲಿದೆ. ಗದಗಿನ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ನಿಂತವರೂ ಅಷ್ಟು ಎತ್ತರದಲ್ಲೇ ಇರುತ್ತಾರೆ. ನೀನು ಹತ್ತಿದ್ದು ಗುಡ್ಡದ ಬುಡಕ್ಕೂ ನೆತ್ತಿಗೂ ಇರುವ ಅಂತರವನ್ನು ಮಾತ್ರ. ಎತ್ತರ ಬರೆಯಲೇಬೇಕೆಂದರೆ ಹೊರಡುವಾಗ ಒಮ್ಮೆ, ತಲುಪಿದ ಮೇಲೆ ಒಮ್ಮೆ ಫೋನ್ ನೋಡಿ, ಒಂದರಿಂದ ಒಂದನ್ನು ಕಳೆಯಬೇಕು. ಫೋನಿನ ಲೆಕ್ಕ ಹತ್ತಾರು ಅಡಿ ಆಚೀಚೆ ಆಗುವುದರಿಂದ ‘ಸುಮಾರು’ ಎಂದು ಸೇರಿಸಬೇಕು. ಹೊರಡುವಾಗ ನೋಡಿರದಿದ್ದರೆ ಅಂಕಿಯನ್ನೇ ಬಿಟ್ಟುಬಿಡು.

ಎರಡನೆಯದು ‘ಗೆದ್ದೆ’. ಗದಗ ಸೀಮೆಯವರಿಗೆ ಕಪ್ಪತಗುಡ್ಡ ಎದುರಾಳಿಯಲ್ಲ. ಗಣಿಗಾರಿಕೆಯಿಂದ ಅದನ್ನು ಉಳಿಸಲು ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದಿದ್ದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ದನ ಕುರಿ ಕಾಯುವವರು, ಔಷಧಿ ಸಸ್ಯ ಬಲ್ಲವರು, ಕಪ್ಪತ ಮಲ್ಲಯ್ಯನ ಭಕ್ತರು ಆ ದಾರಿಯನ್ನು ಎಷ್ಟು ಸಲ ತುಳಿದಿದ್ದಾರೋ! ಅವರ ಕಣ್ಣಿಗೆ ‘ಗೆದ್ದೆ’ ಹುಸಿಯಾಗಿ ಕಾಣುತ್ತದೆ. ‘ಹತ್ತಿದೆ’, ‘ಬಂದೆ’ ಸಾಕು. ನೀನು ಮೀರಿದ್ದು ಗುಡ್ಡವನ್ನಲ್ಲ, ವಾಪಸ್ ಹೋಗೋಣ ಎಂದ ನಿನ್ನದೇ ಮನಸ್ಸನ್ನು. ಹೆಮ್ಮೆ ಇರುವುದು ಅಲ್ಲೇ.

ಮೂರನೆಯದು ‘ಸತ್ತೇ ಹೋಗಿದ್ದೆ’. ಎಲ್ಲರೂ ಎಲ್ಲದಕ್ಕೂ ಹೀಗೆ ಬರೆಯುವುದರಿಂದ ಇದು ನಿನ್ನ ದಣಿವನ್ನು ಹೇಳುವುದೇ ಇಲ್ಲ. ಬೆವರಿದ ಮುಖ, ಕೆದರಿದ ಕೂದಲು, ಹಿಂದಿನ ಗಾಳಿಯಂತ್ರಗಳು ಫೋಟೊದಲ್ಲೇ ಇವೆ; ಅವನ್ನು ಮತ್ತೆ ಬರೆಯಬೇಕಿಲ್ಲ. ಫೋಟೊಗೆ ಸಿಗದ ಒಂದು ಸಂಗತಿಯನ್ನು ಬರಹ ಹೇಳಬೇಕು. ನನಗೆ ಬರೆದ ಪತ್ರದಲ್ಲೇ ಅದನ್ನು ಹೇಳಿದ್ದೀಯ: ಮೂರನೇ ಸಲ ಕುಳಿತದ್ದು, ಏಳಲು ಮನಸ್ಸಾಗದೇ ಇದ್ದದ್ದು.

ಇನ್ನು ಬೈಕಿನ ಮಾತು. ರಸ್ತೆ ಇರುವುದನ್ನು ಮುಚ್ಚಿಟ್ಟರೆ ಯಾರಾದರೂ ತೆಗೆದು ತೋರಿಸುತ್ತಾರೆ. ನೀನೇ ಹೇಳಿಬಿಟ್ಟರೆ ಅದು ನಿನ್ನ ಬಲವಾಗುತ್ತದೆ, ಯಾಕೆಂದರೆ ರಸ್ತೆ ಇದ್ದೂ ನಡೆಯುವುದನ್ನು ನೀವು ಆರಿಸಿಕೊಂಡಿರಿ. ಹೀಗೆ ಬರೆದು ನೋಡು, ನಮ್ಮ ಮಾತಿನಲ್ಲೇ:

‘ಕಪ್ಪತಗುಡ್ಡ. ರಸ್ತೆ ಐತಿ, ನಾವು ಡೋಣಿ ಕಡೆಯಿಂದ ನಡಕೊಂತ ಬಂದ್ವಿ. ಮೂರು ಸಲ ಕುಂತೆ. ಮೂರನೇ ಸಲ ಏಳಾಕ ಮನಸಿರಲಿಲ್ಲ. ಎದ್ದೆ.’

‘ಹೆಮ್ಮೆ’ ಎಂಬ ಶಬ್ದ ಇಲ್ಲಿ ಇಲ್ಲ. ‘ಎದ್ದೆ’ಯಲ್ಲಿ ಅದು ಪೂರ್ತಿ ಕೂತಿದೆ. ಅದಕ್ಕೂ ಮೊದಲು ‘ಕೊನೆಗೂ’ ಅಂತಲೋ, ಆಮೇಲೆ ಮೂರು ಆಶ್ಚರ್ಯಸೂಚಕ ಚಿಹ್ನೆಗಳನ್ನೋ ಸೇರಿಸಿದರೆ ಬಿಗಿ ಸಡಿಲವಾಗುತ್ತದೆ.

ಒಂದು ಎಚ್ಚರಿಕೆ. ಉತ್ಪ್ರೇಕ್ಷೆಗೆ ಹೆದರಿ ‘ಏನಿಲ್ಲ, ಭಾಳ ಸರಳ’ ಎಂದು ಬರೆಯಬೇಡ. ಅದೂ ಸುಳ್ಳೇ, ಇನ್ನೂ ಅಪಾಯದ ಸುಳ್ಳು. ಅದನ್ನು ನಂಬಿ ಯಾರಾದರೂ ಬೇಸಿಗೆಯ ಮಧ್ಯಾಹ್ನ ಸಾಕಷ್ಟು ನೀರಿಲ್ಲದೆ ಹೊರಟಾರು. ಹುಲ್ಲು ಒಣಗಿದ ಆ ದಿನಗಳಲ್ಲಿ ಅಲ್ಲಿ ನೆರಳೂ ಕಡಿಮೆ, ಬೆಂಕಿಯ ಭಯ ಬೇರೆ. ಜಾಗ ಇದ್ದರೆ ‘ನೀರು ಹೆಚ್ಚಿಗೆ ಒಯ್ಯಿರಿ, ಅರಣ್ಯ ಇಲಾಖೆಯವರನ್ನ ಮೊದಲು ಕೇಳ್ರಿ’ ಎಂದು ಕೊನೆಗೆ ಸೇರಿಸು.

ಹಾಕುವ ಮುಂಚೆ ಅಣ್ಣನಿಗೆ ತೋರಿಸಬೇಡ, ಜೊತೆಗೆ ನಡೆದ ಗೆಳತಿಗೆ ಓದಿ ಹೇಳು. ‘ಹೌದು, ಹಂಗ ಆಗಿತ್ತು’ ಎಂದರೆ ಹಾಕು. ಯಾವುದಾದರೂ ಶಬ್ದಕ್ಕೆ ಆಕೆ ಹುಬ್ಬೇರಿಸಿದರೆ ಆ ಶಬ್ದವೊಂದನ್ನು ತೆಗೆದು ಹಾಕು.